ಪೆನ್ಸಿಲ್ಲಿನಲ್ಲಿ ಬರೆದ ನಿನ್ನ ಮಾತುಗಳಿಗೆ

ಟಿಳಕವಾಡಿ, ಬೆಳಗಾವಿ
12 ಅಕ್ಟೋಬರ್ 2024

ಪ್ರೀತಿಯ ಕಸ್ತೂರಿ,

ಇಳಕಲ್ ಸೀರೆಯ ಕುರಿತ ನನ್ನ ಲೇಖನದ ಹಸ್ತಪ್ರತಿ ನಿನ್ನ ಟಿಪ್ಪಣಿಗಳೊಂದಿಗೆ ಅಂಚೆಯಲ್ಲಿ ಮರಳಿ ಬಂದು ಇಂದಿಗೆ ಹದಿನಾರು ದಿನಗಳಾದವು. ಇಷ್ಟು ದಿನ ನಾನು ಸುಮ್ಮನಿದ್ದುದಕ್ಕೆ ನೀನು ಯಾವ ಅರ್ಥ ಹಚ್ಚಿಕೊಂಡಿರಬಹುದೆಂದು ಬಲ್ಲೆ, ಏಕೆಂದರೆ ಹಿಂದೊಮ್ಮೆ ನಾನು ಸುಮ್ಮನಾದಾಗ ಅದಕ್ಕೆ ಸಿಟ್ಟೇ ಕಾರಣವಾಗಿತ್ತು. ಈ ಸಲ ಹಾಗಲ್ಲ. ಲೇಖನವನ್ನು ತಿದ್ದಿ ಮುಗಿಸದೆ ಬರಿದೇ ಉಪಕಾರ ನೆನೆದರೆ ಆ ಮಾತಿಗೆ ತೂಕವಿರುವುದಿಲ್ಲವೆಂದು ಕಾದೆ. ಆದರೂ ನಡುವೆ ಒಂದು ಫೋನಾದರೂ ಮಾಡಿ ‘ತಲುಪಿದೆ, ಓದುತ್ತಿದ್ದೇನೆ’ ಎಂದು ಹೇಳಬೇಕಿತ್ತು. ಅದನ್ನು ಮಾಡದಿದ್ದುದು ನನ್ನ ತಪ್ಪು.

ಮೊದಲ ಸಂಜೆ ನನಗೆ ಬೇಸರವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೆ ಮುಂದೆ ಬರೆಯುವುದನ್ನೂ ನೀನು ನಂಬಲಾರೆ. ಹಾಳೆಗಳನ್ನು ಮಡಚಿ ಟ್ರಂಕಿನ ಮೇಲಿಟ್ಟು, ಕಸ್ತೂರಿಗೆ ಲೇಖನ ಬರೆಯುವುದರ ಕಷ್ಟವೇನು ಗೊತ್ತು ಎಂದು ಮನಸ್ಸಿನಲ್ಲೇ ಜಗಳವಾಡಿದೆ. ಮರುದಿನ ಮೂರನೆಯ ಪುಟವನ್ನು ಮತ್ತೆ ಓದಿದಾಗ, ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವಳ ಮುಂದೆ ನಾನು ಎಂಥ ಪ್ರಶ್ನೆ ಕೇಳುತ್ತಿದ್ದೇನೆಂದು ನನಗೇ ನಗು ಬಂದಿತು.

ಆ ಪುಟದಲ್ಲಿ ನಾನು, ಸೆರಗನ್ನು ಬೇರೆಯಾಗಿ ನೇಯ್ದು ಸೀರೆಯ ಮೈಗೆ ಸೇರಿಸಿ ಹೊಲಿಯುತ್ತಾರೆ ಎಂದು ಬಹಳ ಖಚಿತವಾಗಿ ಬರೆದಿದ್ದೆ. ನೀನು ಅದರ ಪಕ್ಕದಲ್ಲಿ, “ಹೊಲಿಗಿ ಎಲ್ಲಿ ಕಂಡಿ? ಅಂಗಡ್ಯಾಗ ನೋಡಿ ಬರದಿ ಅನಸ್ತೈತಿ” ಎಂದು ಬರೆದಿದ್ದೆ. ಎರಡು ಮಾತೂ ನಿಜ. ಹೊಲಿಗೆ ಇಲ್ಲ, ನಾನು ನೋಡಿದ್ದು ಅಂಗಡಿಯಲ್ಲಿಯೇ. ಮೈಯ ಹಾಸಿನ ಎಳೆಗಳನ್ನೂ ಸೆರಗಿನ ರೇಷ್ಮೆ ಹಾಸಿನ ಎಳೆಗಳನ್ನೂ ನೇಯ್ಗೆಗೆ ಮೊದಲೇ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ, ಹಾಗಾಗಿ ಪ್ರತಿಯೊಂದು ಸೀರೆಗೂ ಅದರದೇ ಹಾಸನ್ನು ಸಿದ್ಧಮಾಡಬೇಕಾಗುತ್ತದೆ ಎಂದು ನೀನು ಹಾಳೆಯ ಬೆನ್ನಿಗೆ ಚಿತ್ರ ಬರೆದು ವಿವರಿಸಿದೆ. ಲೇಖನ ನಿಲ್ಲಬೇಕಾಗಿದ್ದುದೇ ಈ ಸಂಗತಿಯ ಮೇಲೆ. ಅದು ಗೊತ್ತಿಲ್ಲದೆ ನಾನು ಸೀರೆಯ ಬೆಲೆಯನ್ನೆಲ್ಲ ರೇಷ್ಮೆಯ ತಲೆಗೆ ಕಟ್ಟಿ, ನೂಲು ಲಾಳಿಗೆ ಬರುವ ಮೊದಲು ಮನೆಯವರ ಕೈಯಲ್ಲಿ ಕಳೆಯುವ ಹೊತ್ತನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಲೇಖನ ಹಾಗೆಯೇ ಅಚ್ಚಾಗಿದ್ದರೆ ಇಳಕಲ್ಲಿನ ಯಾವುದೇ ಓಣಿಯಲ್ಲಿ ನಾನು ತಲೆಯೆತ್ತಿ ನಡೆಯುವಂತಿರಲಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಐದನೆಯ ಪುಟದ ಟಿಪ್ಪಣಿ. ‘ಮಗ್ಗದ ಸಪ್ಪಳವೇ ಈ ಊರಿನ ಸಂಗೀತ’ ಎಂಬ ಸಾಲನ್ನು ಬರೆದಾಗ ನಾನು ಹಿಗ್ಗಿದ್ದೆ, ಮನೆಯವರಿಗೆ ಓದಿಯೂ ತೋರಿಸಿದ್ದೆ. ಅದರ ಕೆಳಗೆ ನೀನು ಬರೆದದ್ದು ಇಷ್ಟೇ: “ಸಪ್ಪಳ ಕೇಳಿದಿ. ಕುಣಿಯೊಳಗ ಕಾಲು ಇಳಿಬಿಟ್ಟು ಕುಂತಾಕಿ ಮಾರಿ ನೋಡಲಿಲ್ಲೇನು? ನಮ್ಮವ್ವನ ಮೊಣಕಾಲು ಯಾವ ಸಂಗೀತಕ್ಕ ಹೋದ್ವು?” ಇದನ್ನು ಬರೆಯಲು ನಿನಗೆ ಎಷ್ಟು ಕಷ್ಟವಾಗಿರಬೇಕೆಂದು ಈಗ ಯೋಚಿಸುತ್ತೇನೆ. ಅವ್ವನ ಕೈಯೂಟ ಉಂಡವಳು ನಾನು. ಹಾಸ್ಟೆಲ್ಲಿನ ರಜೆಗಳಲ್ಲಿ ನಿಮ್ಮ ಮನೆಗೆ ಬಂದಾಗ ಆಕೆ ಗೋಡೆ ಹಿಡಿದು ಏಳುತ್ತಿದ್ದುದನ್ನು ಕಣ್ಣಾರೆ ಕಂಡವಳು. ಕಂಡದ್ದನ್ನು ಬಿಟ್ಟು ಚೆಂದದ ಸಾಲಿನ ಬೆನ್ನು ಹತ್ತಿದೆ. ಆ ಸಾಲನ್ನು ತೆಗೆದಿದ್ದೇನೆ. ಅದರ ಜಾಗದಲ್ಲಿ ಕಂಡಿಕೆ ಸುತ್ತುವ, ಕೊಂಡಿ ಹಾಕುವ, ಕುಣಿಮಗ್ಗದಲ್ಲಿ ದಿನವಿಡೀ ಕೂರುವ ಹೆಂಗಸರ ಬಗ್ಗೆ ಒಂದೂವರೆ ಪುಟ ಬರೆದಿದ್ದೇನೆ. ಅವ್ವನ ಹೆಸರು ಹಾಕಿಲ್ಲ. ಹಾಕಬಹುದೆಂದು ಆಕೆ ಒಪ್ಪಿದರೆ ಮಾತ್ರ ಹಾಕುತ್ತೇನೆ.

ಕೊನೆಯ ಎರಡು ಪ್ಯಾರಾ ಬೇಡವೆಂದಿದ್ದೆ, ತೆಗೆದೆ. ಅವಿಲ್ಲದಿರುವುದು ಯಾರಿಗೂ ಗೊತ್ತಾಗುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಿನ್ನ ಮಾತನ್ನು ಕೇಳಿಲ್ಲ. ಕಸೂತಿಯ ಭಾಗವನ್ನು ಪೂರ್ತಿ ಬಿಡು, ಅದು ಸೂಜಿಯ ಕೆಲಸ, ಮಗ್ಗದ್ದಲ್ಲ ಎಂದು ನೀನು ಬರೆದಿದ್ದೆ. ನಿನ್ನ ಕಾರಣ ಸರಿಯಾಗಿಯೇ ಇದೆ. ಆದರೆ ಈ ಕಡೆಯ ಓದುಗರಲ್ಲಿ ಅನೇಕರು ಇಳಕಲ್ ಸೀರೆಯ ಮೇಲೆ ಹಾಕಿದ ಗೋಪುರ, ತೇರು, ಆನೆಗಳ ಕಸೂತಿಯನ್ನು ಕಂಡು ಅದೂ ನೇಯ್ಗೆಯೇ ಎಂದು ತಿಳಿದಿರುತ್ತಾರೆ. ಸೆರಗಿನ ತೋಪು ತೆನೆಯನ್ನು ಮಗ್ಗದಲ್ಲಿ ತೆಗೆಯುತ್ತಾರೆ, ಕಸೂತಿಯನ್ನು ಆಮೇಲೆ ಕೈಯಿಂದ ಹಾಕುತ್ತಾರೆ ಎಂದು ಒಂದೆಡೆ ಬಿಡಿಸಿ ಹೇಳದಿದ್ದರೆ ಗೊಂದಲ ಉಳಿಯುತ್ತದೆ. ಆದ್ದರಿಂದ ಎರಡು ಪುಟವಿದ್ದುದನ್ನು ಆರು ಸಾಲಿಗೆ ಇಳಿಸಿ ಉಳಿಸಿಕೊಂಡೆ. ಇದಕ್ಕೂ ನೀನು ಒಪ್ಪದಿದ್ದರೆ ಇನ್ನೊಮ್ಮೆ ವಾದಿಸೋಣ. ನಿನ್ನ ಮಾತನ್ನೆಲ್ಲ ಒಪ್ಪಿಕೊಂಡೆನೆಂದು ಬರೆದಿದ್ದರೆ ನಿನಗೇ ಅನುಮಾನ ಬರುತ್ತಿತ್ತು.

ಈಗ ಹಳೆಯ ಮಾತು. ನಾಲ್ಕು ವರ್ಷಗಳ ಹಿಂದೆ ನನ್ನ ಕಥೆಯೊಂದನ್ನು ಓದಿ, ನಾಯಕಿ ಗೊಂಬೆಯ ಹಾಗಿದ್ದಾಳೆ ಎಂದು ನೀನು ಹೇಳಿದಾಗ, ನಾನು ಎಂಟು ಪುಟದ ಸಮರ್ಥನೆ ಬರೆದು ಕಳಿಸಿ ಎರಡು ತಿಂಗಳು ಮಾತು ಬಿಟ್ಟೆ. ಅದರ ನಂತರ ನಾನು ಏನು ಕಳಿಸಿದರೂ ನಿನ್ನಿಂದ ಬರುತ್ತಿದ್ದುದು ‘ಚಲೋ ಬಂದೈತಿ’ ಎಂಬ ಒಂದೇ ಉತ್ತರ. ಆಗ ಅದನ್ನು ಮೆಚ್ಚುಗೆಯೆಂದು ತಿಳಿದೆ. ನಾನೇ ನಿನ್ನ ಬಾಯಿಗೆ ಬೀಗ ಹಾಕಿದ್ದೆ ಎಂಬುದು ಈ ಸಲದ ಟಿಪ್ಪಣಿಗಳ ಕೊನೆಗೆ ನೀನು ಸಣ್ಣ ಅಕ್ಷರದಲ್ಲಿ ಬರೆದ “ತಪ್ಪು ತಿಳಿಬ್ಯಾಡ, ಪೆನ್ಸಿಲ್ಲಿಂದ ಬರದೀನಿ, ಬ್ಯಾಡಾದ್ರ ಅಳಿಸಿಬಿಡು” ಎಂಬ ಮಾತನ್ನು ಓದಿದಾಗ ತಿಳಿಯಿತು. ಕಥೆಯ ಬಗ್ಗೆಯೂ ಅಂದು ನೀನು ಹೇಳಿದ್ದೇ ಸರಿ, ಕಸ್ತೂರಿ. ತಡವಾಗಿ ಹೇಳುತ್ತಿದ್ದೇನೆ.

ಮುಂದೆಯೂ ನೀನು ನಿಷ್ಠುರವಾಗಿ ಹೇಳಬೇಕೆಂದು ಬೇಡುವಾಗ ನನ್ನ ಕಡೆಯಿಂದಲೂ ಒಂದಿಷ್ಟು ಒಪ್ಪಿಕೊಳ್ಳಬೇಕು. ನಿನ್ನ ಟಿಪ್ಪಣಿ ಕೈಸೇರಿದ ದಿನವೇ ಸೇರಿತೆಂದು ತಿಳಿಸುತ್ತೇನೆ, ಆದರೆ ಎರಡು ದಿನ ಅದರ ಬಗ್ಗೆ ಏನೂ ಹೇಳುವುದಿಲ್ಲ. ನನ್ನ ಸಿಟ್ಟಿನ ಆಯುಷ್ಯ ಅಷ್ಟೇ ಎಂದು ಈಗ ಗೊತ್ತಾಗಿದೆ. ಆಮೇಲೆ ಯಾವುದನ್ನು ತಿದ್ದಿದೆ, ಯಾವುದನ್ನು ಬಿಟ್ಟೆ, ಏಕೆ ಎಂಬುದನ್ನು ಈ ಪತ್ರದ ಹಾಗೆ ಬರೆದು ತಿಳಿಸುತ್ತೇನೆ. ನಿನಗೆ ಓದುವ ಪುರುಸೊತ್ತು ಅಥವಾ ಮನಸ್ಸು ಇಲ್ಲದಾಗ ಆಗುವುದಿಲ್ಲವೆಂದು ಹೇಳಿಬಿಡು, ಅದಕ್ಕೆ ಕಾರಣ ಕೇಳುವುದಿಲ್ಲ.

ತಿದ್ದಿದ ಪ್ರತಿ ಇದರ ಜೊತೆಗಿದೆ. ನಿನ್ನ ಟಿಪ್ಪಣಿಗಳಿದ್ದ ಹಳೆಯ ಪ್ರತಿಯನ್ನು ಏನನ್ನೂ ಅಳಿಸದೆ ಇಲ್ಲಿಯೇ ಇಟ್ಟುಕೊಂಡಿದ್ದೇನೆ. ಹೊಸದರಲ್ಲಿ ನಾಲ್ಕನೆಯ ಪುಟವನ್ನು ಮೊದಲು ನೋಡು. ಕೊಂಡಿ ಹಾಕುವ ಬಗೆಯನ್ನು ನಿನ್ನ ಚಿತ್ರ ನೋಡಿ ಬರೆದಿದ್ದೇನೆ, ಆದರೂ ಎಲ್ಲಿಯೋ ಒಂದು ಎಳೆ ತಪ್ಪಿದಂತೆ ನನಗೇ ಅನಿಸುತ್ತಿದೆ. ಅವ್ವನಿಗೂ ಓದಿ ಹೇಳು. ಸಂಪಾದಕರಿಗೆ ದೀಪಾವಳಿಯ ನಂತರ ಕೊಟ್ಟರೆ ಸಾಕು, ಆದ್ದರಿಂದ ಅವಸರವಿಲ್ಲ. ಲಕೋಟೆಯಲ್ಲಿ ಒಂದು ಕೆಂಪು ಶಾಯಿಯ ಪೆನ್ನು ಇಟ್ಟಿದ್ದೇನೆ. ಈ ಸಲ ಅದರಿಂದಲೇ ಬರೆ.

ನಿನ್ನ,
ಗಿರಿಜಾ