ಮಡಿಕೆ

ಮದುವೆಯಾದ ಮೊದಲ ಆಷಾಢಕ್ಕೆ ತವರಿಗೆ ಹೊರಟ ನಾನು ದಾವಣಗೆರೆಯ ಗಂಡನ ಮನೆಯಲ್ಲಿ ಬಟ್ಟೆ ಜೋಡಿಸಿಕೊಳ್ಳುವಾಗ ಎಲ್ಲಕ್ಕಿಂತ ಕೆಳಗೆ, ಯಾರ ಕಣ್ಣಿಗೂ ಬೀಳದಂತೆ ನನ್ನ ಧಾರೆ ಸೀರೆಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದೆ. ಮದುವೆಯ ದಿನ ಮಡಿಲ ಭಾಗದ ನಿರಿಗೆಯ ಮೇಲೆ ಅರಿಶಿನದ ನೀರು ಬಿದ್ದು ಅಂಗೈಯಷ್ಟಗಲ ಹಳದಿ ಕಲೆಯಾಗಿತ್ತು. ಅತ್ತೆಯವರು ನೋಡುವುದಕ್ಕೆ ಮೊದಲೇ ತೆಗೆದುಬಿಡೋಣವೆಂದು ಬಚ್ಚಲಮನೆಯಲ್ಲಿ ಮೈಸೋಪನ್ನು ಉಜ್ಜಿದ್ದೆ. ಉಜ್ಜಿದ ಕ್ಷಣಕ್ಕೆ ಹಳದಿ ಹೋಗಿ, ಹಾಲುಬಣ್ಣದ ರೇಷ್ಮೆಯ ಮೇಲೆ ಇಟ್ಟಿಗೆಯ ಕೆಂಪು ಮೂಡಿತು. ಅಂಚಿನ ಕೆಂಪು ಬಣ್ಣ ಬಿಟ್ಟು ಒಡಲಿಗೆ ಹರಿಯಿತೆಂದೇ ನಾನು ತಿಳಿದೆ. ಆಮೇಲೆ ಅದನ್ನು ಮುಟ್ಟುವ ಧೈರ್ಯವಾಗಲಿಲ್ಲ.

ಚಿತ್ರದುರ್ಗದ ದೊಡ್ಡಪೇಟೆಯ ನಮ್ಮ ಮನೆಯಲ್ಲಿ ಸೀರೆಯ ವಿಷಯವೆಂದರೆ ಅಜ್ಜಿಯ ವಿಷಯ. ಅಜ್ಜಿಯ ತವರು ಮೊಳಕಾಲ್ಮೂರು. ಅವರ ಬೀದಿಯಲ್ಲಿ ಬೆಳಗಾದರೆ ಮಗ್ಗದ ಸದ್ದು. ಹಾಸು ಯಾವುದು, ಹೊಕ್ಕು ಯಾವುದು ಎಂಬುದು ಅವರಿಗೆ ಅಕ್ಷರ ಬರುವ ಮೊದಲೇ ತಿಳಿದಿತ್ತು. ಊಟವಾದ ಮೇಲೆ ಅವರು ನಡುಮನೆಯಲ್ಲಿ ಒಬ್ಬರೇ ಇರುವಾಗ ನಾನು ಚೀಲವನ್ನು ತಂದು ಮುಂದಿಟ್ಟೆ. ಕಲೆಯನ್ನು ತೋರಿಸಬೇಕೆಂದಿದ್ದೆ, ಅವರು ಚೀಲವನ್ನೇ ನೋಡುತ್ತಿದ್ದರು.

"ಇದರಲ್ಲಿ ಎಷ್ಟು ದಿನದಿಂದ ಇಟ್ಟಿದ್ದೀ?"

"ಮದುವೆಯಾದಾಗಿನಿಂದ, ಅಜ್ಜಿ. ಧೂಳು ಹತ್ತಬಾರದು ಅಂತ."

"ಧೂಳು ಹತ್ತಲಿಲ್ಲ, ಸರಿ. ಒಳಗಿನ ಪಸೆ ಎಲ್ಲಿಗೆ ಹೋಗಬೇಕು ಹೇಳು," ಎನ್ನುತ್ತಾ ಅವರು ಸೀರೆಯನ್ನು ಹೊರಗೆ ತೆಗೆದು ಮೂಗಿನ ಹತ್ತಿರ ಹಿಡಿದರು. ಬೆವರು, ಮಲ್ಲಿಗೆ, ನಾನು ಅಂದು ಹಾಕಿಕೊಂಡಿದ್ದ ಸೆಂಟು, ಎಲ್ಲವೂ ಒಂದು ಮುಗ್ಗಲು ವಾಸನೆಯಾಗಿ ಕೂಡಿಕೊಂಡಿದ್ದವು. ಉಟ್ಟು ಬಿಚ್ಚಿದ ರೇಷ್ಮೆಯನ್ನು ಒಂದು ರಾತ್ರಿಯಾದರೂ ನೆರಳಿನಲ್ಲಿ ಹರವಿ, ಬೆವರು ಪೂರ್ತಿ ಆರಿದ ಮೇಲೆಯೇ ಮಡಿಸಬೇಕೆಂದೂ, ಬೆವರಿನ ಉಪ್ಪು ಹಾಗೆಯೇ ಉಳಿದರೆ ಬಣ್ಣವನ್ನೂ ಎಳೆಯನ್ನೂ ತಿನ್ನುತ್ತದೆಂದೂ, ಸೆಂಟನ್ನು ಸೀರೆ ಉಡುವುದಕ್ಕೆ ಮೊದಲೇ ಮೈಗೆ ಹಾಕಿಕೊಂಡು ಒಣಗಲು ಬಿಡಬೇಕೇ ಹೊರತು ಜರಿಯ ಮೇಲೆ ಎಂದೂ ಬೀಳಿಸಬಾರದೆಂದೂ ಅವರು ಗದರದೆ ಹೇಳಿದರು. ಗದರಿದ್ದರೆ ನನಗೆ ಸ್ವಲ್ಪ ಹಗುರವೆನಿಸುತ್ತಿತ್ತು.

ಕಲೆ ಕಂಡಾಗ ಮಾತ್ರ ಅವರು ನಕ್ಕರು.

"ಸೋಪು ಹಚ್ಚಿದ್ದೀಯಲ್ಲ?"

ನಾನು ತಲೆಯಾಡಿಸಿದೆ.

"ಆರತಿಯ ಓಕುಳಿಯನ್ನು ಹೇಗೆ ಮಾಡುತ್ತಾರೆ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುವುದಿಲ್ಲವೇ? ಬಟ್ಟೆಗೆ ಸೋಪೂ ಸುಣ್ಣದ ಜಾತಿಯದೇ. ನಿನ್ನ ಅಂಚು ಬಣ್ಣ ಬಿಟ್ಟಿಲ್ಲ, ಮಗಳೇ. ನೀನು ಸೀರೆಯ ಮೇಲೆ ಓಕುಳಿ ಮಾಡಿದ್ದೀ."

ಎರಡು ತಿಂಗಳಿಂದ ನಾನು ಹೊತ್ತಿದ್ದ ಭಯಕ್ಕೆ ಇಷ್ಟು ಸಣ್ಣ ಕಾರಣವಿದ್ದದ್ದು ನನಗೆ ನಾಚಿಕೆಯನ್ನೇ ತಂದಿತು. ಪ್ರತಿ ಹಬ್ಬಕ್ಕೂ ಓಕುಳಿ ಕಲಸಿದ ಕೈ ನನ್ನದು.

ಅಜ್ಜಿ ಒಂದು ಬಟ್ಟಲು ತಣ್ಣೀರಿಗೆ ನಾಲ್ಕೇ ಹನಿ ನಿಂಬೆರಸ ಹಿಂಡಿಸಿದರು. ನಾನು ನೇರವಾಗಿ ಕಲೆಗೆ ಹಚ್ಚಲು ಹೊರಟಾಗ ಕೈ ಹಿಡಿದು, ಸೊಂಟಕ್ಕೆ ಸಿಕ್ಕಿಸುವ ಒಳತುದಿಯನ್ನು ಹುಡುಕಿ ತೆಗೆಯಲು ಹೇಳಿದರು. ಯಾವ ಹೊಸ ನೀರನ್ನೇ ಆಗಲಿ ಮೊದಲು ಅಲ್ಲಿ, ಯಾರೂ ಕಾಣದ ಜಾಗದಲ್ಲಿ ಮುಟ್ಟಿಸಿ, ಬಿಳಿಯ ಹತ್ತಿಬಟ್ಟೆಯಿಂದ ಒತ್ತಿ, ಬಟ್ಟೆಗೆ ಬಣ್ಣ ಅಂಟಲಿಲ್ಲವೆಂದು ಖಚಿತವಾದ ಮೇಲೆಯೇ ಮುಂದುವರಿಯಬೇಕು. ಅಂಟಲಿಲ್ಲ. ಆಮೇಲೆ ಕಲೆಯ ಕೆಳಗೆ ಮಡಿಸಿದ ಹಳೆಯ ಪಂಚೆಯೊಂದನ್ನು ಇಟ್ಟು, ಅಂಚಿನ ಜರಿಯನ್ನು ದೂರಕ್ಕೆ ಸರಿಸಿ, ಒದ್ದೆ ಬಟ್ಟೆಯಿಂದ ಹೊರಗಿನಿಂದ ಒಳಕ್ಕೆ ಮೆಲ್ಲನೆ ಒತ್ತುತ್ತಾ ಬಂದೆ. ಉಜ್ಜಲು ಅವರು ಬಿಡಲಿಲ್ಲ. ಒದ್ದೆಯಾದ ರೇಷ್ಮೆಗೆ ಒಣಗಿದ್ದಾಗಿನ ಬಲವಿರುವುದಿಲ್ಲ, ಉಜ್ಜಿದರೆ ಎಳೆ ಎದ್ದು ಹೊಳಪು ಹೋಗುತ್ತದೆ. ಕೆಂಪು ಒಂದೊಂದೇ ಕಡೆ ಮಾಸಿ, ಕಣ್ಣೆದುರಿನಲ್ಲೇ ಮತ್ತೆ ಹಳದಿಯಾಯಿತು. ಬರಿಯ ನೀರಿನಿಂದ ಎರಡು ಸಲ ಒತ್ತಿ ನಿಂಬೆಯ ಅಂಶವನ್ನು ತೆಗೆದೆವು.

"ಹಳದಿ ಉಳಿಯಿತಲ್ಲ, ಅಜ್ಜಿ?"

"ಉಳಿಯಲಿ. ಅದು ನಮ್ಮ ಕೈಯ ಕೆಲಸವಲ್ಲ. ಡ್ರೈವಾಶಿಗೆ ಕೊಡು. ಕೊಡುವಾಗ ಮುಚ್ಚಿಡಬೇಡ, ಇದು ಅರಿಶಿನ, ಸೋಪು ಹಚ್ಚಿದ್ದೆ, ನಿಂಬೆಯ ನೀರು ಮುಟ್ಟಿಸಿದ್ದೆ ಅಂತ ಮೂರನ್ನೂ ಹೇಳು. ವೈದ್ಯರ ಮುಂದೆ ಹೇಳಿದ ಹಾಗೆ." ಮನೆಯಲ್ಲಿಯೇ ನೆನೆಹಾಕಬಹುದಲ್ಲವೇ, ಅಂಟುವಾಳದ ನೀರಿದೆಯಲ್ಲ ಎಂದು ನಾನು ಕೇಳಿದೆ. ಅವರ ದಿನಬಳಕೆಯ ರೇಷ್ಮೆಗಳೆಲ್ಲ ಅಂಟುವಾಳದ ತಣ್ಣೀರಿನಲ್ಲಿಯೇ ಬಾಳಿದವು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಬಿಳಿಯ ಒಡಲಿಗೆ ಕೆಂಪು ಅಂಚು ಸೇರಿಸಿದ ಭಾರೀ ಜರಿಯ ಸೀರೆಯನ್ನು ಬಕೆಟ್ಟಿನಲ್ಲಿ ಮುಳುಗಿಸುವವಳಿಗೆ ಒಂದೋ ತುಂಬಾ ಧೈರ್ಯವಿರಬೇಕು, ಇಲ್ಲವೇ ಎರಡನೆಯ ಸೀರೆಯಿರಬೇಕು ಎಂದರು.

ಅಷ್ಟಾದ ಮೇಲೆ ಅವರು ತಾವಾಗಿಯೇ ಎದ್ದು, ಕೈ ತೊಳೆದು ಒರೆಸಿಕೊಂಡು, ಬೆರಳಿನ ಉಂಗುರವನ್ನು ಬಿಚ್ಚಿ ಗೂಡಿನಲ್ಲಿಟ್ಟರು. ನನ್ನ ಬಳೆಗಳನ್ನೂ ತೆಗೆಯಿಸಿದರು. ಕಿಟಕಿಗಳನ್ನು ಮುಚ್ಚಿಸಿದರು; ದುರ್ಗದ ಆಷಾಢದ ಗಾಳಿ ಬೆಟ್ಟದ ಮಣ್ಣನ್ನೆಲ್ಲ ಮನೆಯೊಳಗೆ ತಂದು ಸುರಿಯುತ್ತದೆ. ಬೀರುವಿನ ಮಧ್ಯದ ಹಲಗೆಯಿಂದ ಅವರು ತೆಗೆದದ್ದು, ಗಂಜಿಯಿಲ್ಲದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿದ್ದ ಒಂದು ಗಂಟು. ಅದನ್ನು ನಾನು ಕಂಡಿದ್ದೆ. ಬಿಚ್ಚಿದ್ದನ್ನು ಕಂಡಿರಲಿಲ್ಲ.

ಬದನೆಕಾಯಿ ಬಣ್ಣದ ಒಡಲು, ಅಂಗೈ ಅಗಲದ ಅಂಚು. 1969ರಲ್ಲಿ ಅವರ ಅಪ್ಪ ಮೊಳಕಾಲ್ಮೂರಿನ ನೇಕಾರರ ಮನೆಗೇ ಹೋಗಿ, ಮಗ್ಗದಿಂದ ಇಳಿಯುವವರೆಗೂ ಕಾದು ತಂದದ್ದಂತೆ. ಜರಿ ಹೊಳೆಯುತ್ತಿರಲಿಲ್ಲ, ಹಳೆಯ ಹಿತ್ತಾಳೆಯ ದೀಪದ ಹಾಗೆ ಒಳಗಿನಿಂದ ಬೆಳಗುತ್ತಿತ್ತು. ಅಂಚಿನ ತುದಿಯಲ್ಲಿ ಸವೆದಿದ್ದ ಒಂದು ಎಳೆಯನ್ನು ಅವರು ಉಗುರಿನಿಂದ ಎತ್ತಿ ತೋರಿಸಿದರು: ನಡುವೆ ಕೆಂಪು ರೇಷ್ಮೆಯ ನೂಲು, ಅದರ ಮೇಲೆ ಸುತ್ತಿದ ಬೆಳ್ಳಿಯ ತೆಳು ತಂತಿ, ಅದರ ಮೇಲೆ ಚಿನ್ನದ ನೀರು. ಕಪ್ಪಾಗುವುದು ಒಳಗಿನ ಬೆಳ್ಳಿ. ಆದ್ದರಿಂದಲೇ ಪಸೆ, ಸೆಂಟು, ರಬ್ಬರ್ ಬ್ಯಾಂಡು, ಯಾವುದೂ ಅದಕ್ಕೆ ತಾಕಬಾರದು. ಡಾಂಬರು ಗುಳಿಗೆಯನ್ನಂತೂ ಸೀರೆಯ ಮಡಿಕೆಯೊಳಗೆ ಇಡಲೇಬಾರದು. ಬೀರುವಿನ ಮೂಲೆಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಲಾವಂಚದ ಬೇರು, ಒಣಗಿದ ಬೇವಿನ ಎಲೆ ಸಾಕು. ತಂತಿಯ ಹ್ಯಾಂಗರಿಗೆ ನೇತುಹಾಕಿದರೆ ಅಂಚಿನ ಭಾರವೇ ಒಡಲನ್ನು ಜಗ್ಗುತ್ತದೆ, ಮೇಲಾಗಿ ತುಕ್ಕಿನ ಗೆರೆ ಬೀಳುತ್ತದೆ. ಇಸ್ತ್ರಿ ಮಾಡಲೇಬೇಕಾದರೆ ಒಳಮೈಯನ್ನು ಮೇಲೆ ಮಾಡಿ, ಮೇಲೊಂದು ತೆಳು ಹತ್ತಿಬಟ್ಟೆ ಹಾಸಿ, ಬಿಸಿ ಕಡಿಮೆಯಿಟ್ಟು ಮಾಡಬೇಕು. ಇದನ್ನೆಲ್ಲ ಅವರು ನಿಧಾನವಾಗಿ ಹೇಳಲಿಲ್ಲ. ಅವರ ಕೈ ಮಾತ್ರ ನಿಧಾನವಾಗಿತ್ತು.

ಸೀರೆಯನ್ನು ಪೂರ್ತಿ ಬಿಚ್ಚಿ ಇಬ್ಬರೂ ಎರಡು ತುದಿ ಹಿಡಿದಾಗ, ಬಾಗಿಲ ಬೆಳಕಿಗೆ ಎದುರಾಗಿ ಒಡಲಿನ ನಡುವೆ ಉದ್ದಕ್ಕೆ ಒಂದು ಗೆರೆ ಕಂಡಿತು. ಕಲೆಯೆಂದುಕೊಂಡೆ. ಹತ್ತಿರ ನೋಡಿದರೆ ಅದು ಕಲೆಯಾಗಿರಲಿಲ್ಲ. ಬ್ಲೇಡಿನಿಂದ ಗೀರಿದಂತೆ ಎಳೆಗಳು ಕತ್ತರಿಸಿ, ಆಚೆಯ ನೆಲ ಕಾಣುತ್ತಿತ್ತು. ಗೇಣುದ್ದದ ಬಿರುಕು. ಅದರ ಆಚೆಗೊಂದು, ಈಚೆಗೊಂದು, ಸರಿಯಾಗಿ ಮಡಿಕೆಗೊಂದರಂತೆ. ಹಿಂದಿನಿಂದ ಅದೇ ಬಣ್ಣದ ತೆಳು ಬಟ್ಟೆ ಕೊಟ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆ ಹಾಕಿ ಕೆಲವನ್ನು ಮಾತ್ರ ಹಿಡಿದಿದ್ದರು.

"ಇಲಿಯೇ, ಅಜ್ಜಿ?"

"ಇಲಿಯಲ್ಲ. ನಾನೇ," ಎಂದರು.

ಅವರು ಪಂಚೆಯ ಹೊರಮಡಿಕೆಯಿಂದ ಒಂದು ಕಾಗದವನ್ನು ತೆಗೆದುಕೊಟ್ಟರು. ಅವರದೇ ಮದುವೆಯ ಲಗ್ನಪತ್ರಿಕೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಇಸವಿಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಮುಂದೆ ನಾಲ್ಕು ಗೆರೆ ಎಳೆದಿದ್ದರು. ಸಂಕ್ರಾಂತಿಗೊಂದು, ಯುಗಾದಿಗೊಂದು, ನಾಗರಪಂಚಮಿಗೊಂದು, ದೀಪಾವಳಿಗೊಂದು. ಹಬ್ಬದ ಹಿಂದಿನ ವಾರ ಸೀರೆ ಬಿಚ್ಚಿ, ಗಾಳಿಗೆ ಹರವಿ, ಹಿಂದಿನ ಮಡಿಕೆ ಇದ್ದಲ್ಲಿ ಮತ್ತೆ ಬೀಳದಂತೆ ಬೇರೆ ಕಡೆ ಮಡಿಸಿದ ಲೆಕ್ಕವದು. 1969, 70, 71 ಎಂದು ಓದುತ್ತಾ ಬಂದೆ. 1991ರ ಮುಂದೆ ಎರಡೇ ಗೆರೆಗಳಿದ್ದವು. ಅದರ ಕೆಳಗಿನ ಇಸವಿ 2002.

ತಾತ ತೀರಿಕೊಂಡದ್ದು 1991ರ ಶ್ರಾವಣದಲ್ಲಿ ಎಂಬುದು ನನಗೆ ಫೋಟೋದ ಕೆಳಗಿನ ಬರಹದಿಂದ ಗೊತ್ತಿತ್ತು.

"ನೋಡುವುದು ಬೇಡ ಅನ್ನಿಸಿತು," ಎಂದರು ಅಜ್ಜಿ. "ಉಡುವ ಹಾಗಿಲ್ಲದ ಮೇಲೆ ಬಿಚ್ಚುವುದೇಕೆ ಅಂತ. ನಿನ್ನ ಸೋದರತ್ತೆಯ ಮದುವೆಗೆ ತೆಗೆದಾಗ ಮಡಿಕೆ ಮಡಿಕೆಗೂ ಹರಿದಿತ್ತು. ಹನ್ನೊಂದು ವರ್ಷ ಒಂದೇ ಮಗ್ಗುಲಲ್ಲಿ ಮಲಗಿಸಿದರೆ ಏನಾಗಬೇಕು?" ಸ್ವಲ್ಪ ತಡೆದು, "ಬೀಗ ಹಾಕಿ ಜೋಪಾನ ಮಾಡಿದೆ ಅಂದುಕೊಂಡಿದ್ದೆ," ಎಂದರು.

ನಾನು ಏನನ್ನೂ ಹೇಳಲಿಲ್ಲ. ಅವರೂ ನನ್ನಿಂದ ಮಾತನ್ನು ನಿರೀಕ್ಷಿಸಿದಂತೆ ಕಾಣಲಿಲ್ಲ. ತುದಿಯನ್ನು ಬಿಗಿಯಾಗಿ ಹಿಡಿಯಲು ಕಣ್ಣಿನಲ್ಲಿಯೇ ಸೂಚಿಸಿದರು. ಬಿರುಕಿದ್ದ ಗೆರೆಗಳನ್ನು ಬಿಟ್ಟು, ಎರಡು ಬೆರಳು ಆಚೆಗೆ ಸರಿಸಿ ಮಡಿಸಿದೆವು. ಮಡಿಕೆಯ ನಡುವೆ ಮೆತ್ತಗಿನ ಹಳೆಯ ಹತ್ತಿಬಟ್ಟೆಯ ಸುರುಳಿಯೊಂದನ್ನು ಇಟ್ಟರು, ಮೂಲೆ ಗಟ್ಟಿಯಾಗಿ ಮುರಿಯದಿರಲೆಂದು. ಸೆರಗಿನ ಜರಿ ಜರಿಗೆ ಉಜ್ಜದಂತೆ ಮೇಲೊಂದು ಬಟ್ಟೆ ಹಾಸಿದರು. ಕುಚ್ಚಿನ ಎಳೆಗಳನ್ನು ಬೆರಳಿನಿಂದ ಬಾಚಿ ಒಳಕ್ಕೆ ಸೇರಿಸಿದರು. ಒತ್ತಬೇಡ, ಮೇಲೆ ಭಾರ ಹೇರಬೇಡ, ಇದರ ಮೇಲೆ ಇನ್ನೊಂದು ಭಾರೀ ಸೀರೆ ಬರಬಾರದು ಎಂದು ಪ್ರತಿ ಹಂತದಲ್ಲೂ ಹೇಳುತ್ತಿದ್ದರು.

ಆಮೇಲೆ ನನ್ನ ಧಾರೆ ಸೀರೆಯನ್ನು ನಾನೊಬ್ಬಳೇ ಮಡಿಸಬೇಕಾಯಿತು. ಒದ್ದೆಯಾಗಿದ್ದ ಜಾಗ ಸಂಜೆಗೆ ಪೂರ್ತಿ ಆರಿತ್ತು. ಮೊದಲ ಸಲ ಅಂಚು ಅಂಚಿಗೆ ಕೂಡಲಿಲ್ಲ; ಎರಡನೆಯ ಸಲ ಸೆರಗು ಹೊರಗುಳಿಯಿತು. ಅಜ್ಜಿ ಮಂಚದ ಮೇಲೆ ಕುಳಿತು ನೋಡುತ್ತಿದ್ದರೇ ಹೊರತು ಕೈಹಾಕಲಿಲ್ಲ. ಮೂರನೆಯ ಸಲ ಸರಿಯಾಯಿತು. ಅವರು ಒಗೆದಿಟ್ಟಿದ್ದ ತಾತನ ಪಂಚೆಯೊಂದನ್ನು ಕೊಟ್ಟರು, ಅದರಲ್ಲಿ ಸುತ್ತಿದೆ. ಪ್ಲಾಸ್ಟಿಕ್ ಚೀಲ ಅಡುಗೆಮನೆಗೆ ಹೋಯಿತು.

ನನ್ನ ಲಗ್ನಪತ್ರಿಕೆಯ ಒಂದು ಪ್ರತಿ ದೇವರ ಗೂಡಿನಲ್ಲಿ ಇತ್ತು. ಅದನ್ನು ತಂದು, ಹಿಂಬದಿಯಲ್ಲಿ ಇಸವಿ ಬರೆಯೋಣವೆಂದು ಬ್ಯಾಗಿನಿಂದ ಬಾಲ್‌ಪೆನ್ ತೆಗೆದು ಟೊಪ್ಪಿಗೆ ಬಿಚ್ಚಿದೆ.

"ರೇಷ್ಮೆಯ ಹತ್ತಿರ ಶಾಯಿಯೇ?" ಎಂದು ಅಜ್ಜಿ ಮೊದಲ ಬಾರಿಗೆ ಗದರಿದರು. "ಆ ಗೂಡಿನಲ್ಲಿ ಪೆನ್ಸಿಲ್ ಇದೆ, ನೋಡು."