ಎರಡು ಅಗ್ಗದ ಫೇಸ್‌ವಾಶ್, ಒಂದು ತಿಂಗಳು, ಅರ್ಧರ್ಧ ಮುಖ

ಫೇಸ್‌ವಾಶ್ ವಿಮರ್ಶೆಗಳ ಬಗ್ಗೆ ನನಗೆ ಒಂದು ತಕರಾರಿದೆ. ಈ ತಿಂಗಳು ಒಂದನ್ನು, ಮುಂದಿನ ತಿಂಗಳು ಇನ್ನೊಂದನ್ನು ಬಳಸಿ ಯಾವುದು ಚೆನ್ನಾಗಿದೆ ಅಂತ ಬರೆದುಬಿಡುತ್ತಾರೆ. ಅಷ್ಟರಲ್ಲಿ ಹವೆ ಬದಲಾಗಿರುತ್ತದೆ, ನಿದ್ದೆ ಕೆಟ್ಟಿರುತ್ತದೆ, ಮುಟ್ಟಿನ ದಿನಗಳು ಬಂದು ಹೋಗಿರುತ್ತವೆ. ಮೊಡವೆ ಎದ್ದಿದ್ದು ಯಾವುದರಿಂದ ಅಂತ ಹೇಗೆ ಹೇಳೋದು? ಅದಕ್ಕೇ ನಾನು ಎರಡನ್ನೂ ಒಂದೇ ತಿಂಗಳು, ಒಂದೇ ಮುಖಕ್ಕೆ ಹಾಕಿದೆ. ಎಡಗೆನ್ನೆ ಮತ್ತು ಎಡ ಹಣೆಗೆ ಒಂದು, ಬಲಗಡೆಗೆ ಇನ್ನೊಂದು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ತೊಳೆದ ಮೇಲೆ ಎರಡೂ ಕಡೆ ಒಂದೇ ಮಾಯಿಶ್ಚರೈಸರ್, ಹಗಲಲ್ಲಿ ಒಂದೇ ಸನ್‌ಸ್ಕ್ರೀನ್. ಮೂಗಿನ ಮೇಲೆ ಮಾತ್ರ ಗಡಿ ಕಾಯಲು ಆಗಲಿಲ್ಲ. ನೊರೆ ಅತ್ತಿತ್ತ ದಾಟೇ ದಾಟುತ್ತದೆ. ಹಾಗಾಗಿ ಮೂಗನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಒಂದು ತಿಂಗಳೇ ಯಾಕೆ ಅಂದರೆ, ಚರ್ಮದ ಮೇಲ್ಪದರ ಸುಮಾರು ನಾಲ್ಕು ವಾರಕ್ಕೊಮ್ಮೆ ಹೊಸದಾಗುತ್ತದೆ. ವಯಸ್ಸಾದಂತೆ ಇನ್ನೂ ನಿಧಾನ. ಮೂರೇ ದಿನಕ್ಕೆ ಹೊಳಪು ಬಂತು ಅನ್ನುವವರ ಮಾತು ನಂಬಬೇಡಿ.

ನನ್ನದು ಮಿಶ್ರ ಚರ್ಮ. ಹಣೆ ಮತ್ತು ಮೂಗು ಮಧ್ಯಾಹ್ನಕ್ಕೆಲ್ಲ ಜಿಡ್ಡಾಗುತ್ತವೆ, ಕೆನ್ನೆ ಬೇಗ ಒಣಗುತ್ತದೆ. ಗದ್ದದ ಮೇಲೆ ಆಗಾಗ ಸಣ್ಣ ಮೊಡವೆ.

ಎರಡರ ಬೆಲೆಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಎಡಗಡೆಗೆ ಹಾಕಿದ್ದು ಹಸಿರು ಟ್ಯೂಬಿನಲ್ಲಿ ಬರುವ ಪಾರದರ್ಶಕ ಜೆಲ್. ಎಣ್ಣೆ ಚರ್ಮಕ್ಕೆ, ಮೊಡವೆಗೆ ಅಂತ ಬರೆದಿದೆ. ಬಲಗಡೆಗೆ ಹಾಕಿದ್ದು ಬಿಳಿ ಪಂಪ್ ಬಾಟಲಿಯ ಕ್ರೀಮ್ ಫೇಸ್‌ವಾಶ್. ಎಲ್ಲ ತರದ ಚರ್ಮಕ್ಕೆ, ಸೂಕ್ಷ್ಮ ಚರ್ಮಕ್ಕೂ ಆಗುತ್ತದೆ ಅಂತ ಬರೆದಿದೆ. ಬ್ರ್ಯಾಂಡ್ ಹೆಸರು ಬೇಕಂತಲೇ ಹಾಕಿಲ್ಲ. ಇದೇ ಎರಡು ಜಾತಿಯ ಫೇಸ್‌ವಾಶನ್ನು ಹತ್ತಾರು ಕಂಪನಿಗಳು ಹೆಚ್ಚುಕಮ್ಮಿ ಇದೇ ಸಾಮಾನು ಹಾಕಿ ಮಾಡುತ್ತವೆ. ನಿಮ್ಮ ಕೈಗೆ ಸಿಕ್ಕಿದ್ದು ಯಾವ ಜಾತಿ ಅಂತ ಹಿಂಬದಿ ಓದಿದರೆ ಗೊತ್ತಾಗುತ್ತದೆ.

ಆ ಹಿಂಬದಿಯೇ ಮುಖ್ಯ. ಜೆಲ್‌ನ ಮುಂಬದಿಯಲ್ಲಿ ಟೀ ಟ್ರೀ ಎಲೆಯ ದೊಡ್ಡ ಚಿತ್ರ ಇದೆ. ತಿರುಗಿಸಿ ನೋಡಿದರೆ ಮೊದಲು ನೀರು, ಆಮೇಲೆ ಕೊಳೆ ತೊಳೆಯುವ ಸೋಡಿಯಂ ಲಾರೆತ್ ಸಲ್ಫೇಟ್, ಆಮೇಲೆ ಕೊಕಮಿಡೊಪ್ರೊಪೈಲ್ ಬೀಟೇನ್, ಉಪ್ಪು, ಸ್ಯಾಲಿಸಿಲಿಕ್ ಆಸಿಡ್, ಸುಗಂಧ. ಟೀ ಟ್ರೀ ಎಣ್ಣೆ ಸುಗಂಧಕ್ಕಿಂತಲೂ ಕೆಳಗೆ. ಪದಾರ್ಥಗಳನ್ನು ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆಯುವುದು ನಿಯಮ. ಶೇ. 1ಕ್ಕಿಂತ ಕಡಿಮೆ ಇರುವುದನ್ನು ಮಾತ್ರ ಹೇಗೆ ಬೇಕಾದರೂ ಜೋಡಿಸಬಹುದು. ಅಂದರೆ ಚಿತ್ರದಲ್ಲಿರುವ ಎಲೆ ಟ್ಯೂಬಿನ ಒಳಗೆ ಹೆಸರಿಗಷ್ಟೇ ಇರುವ ಸಾಧ್ಯತೆ ಜಾಸ್ತಿ. ಉಪ್ಪು ಯಾಕೆ ಅಂತೀರಾ? ಈ ತರದ ಜೆಲ್ ಗಟ್ಟಿಯಾಗಿ ಕಾಣೋದೇ ಉಪ್ಪಿನಿಂದ. ಗಟ್ಟಿ ಇದೆ ಅಂದಮಾತ್ರಕ್ಕೆ ಒಳ್ಳೆಯ ಮಾಲು ಅಂತಲ್ಲ.

ಬಿಳಿ ಬಾಟಲಿಯಲ್ಲಿ ನೀರಿನ ನಂತರ ಗ್ಲಿಸರಿನ್, ಆಮೇಲೆ ಕೊಳೆ ತೊಳೆಯುವ ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್, ಸೀಟೈಲ್ ಆಲ್ಕೊಹಾಲ್, ಕೊನೆಕೊನೆಗೆ ನಯಾಸಿನಮೈಡ್. ಸುಗಂಧ ಇಲ್ಲ. ಆಲ್ಕೊಹಾಲ್ ಅಂತ ನೋಡಿ ಗಾಬರಿಯಾಗಬೇಡಿ. ಇದು ಮೇಣದ ತರದ ವಸ್ತು, ಚರ್ಮವನ್ನು ಒಣಗಿಸುವುದಿಲ್ಲ, ಮೆತ್ತಗಿಡುತ್ತದೆ.

ಈಗ ಬಳಕೆಗೆ ಬರೋಣ. ಮೊದಲ ವಾರ ಗೆದ್ದಿದ್ದು ಜೆಲ್, ಅದರಲ್ಲಿ ಅನುಮಾನವೇ ಇಲ್ಲ. ಕಡಲೆಕಾಳಿನಷ್ಟು ಹಾಕಿದರೆ ಕೈತುಂಬ ನೊರೆ. ಮೆಂಥಾಲ್ ಇರುವುದರಿಂದ ತಣ್ಣಗೆ ಜುಮ್ಮೆನ್ನುತ್ತದೆ. ತೊಳೆದು ಬೆರಳಾಡಿಸಿದರೆ ಚರ್ರ್ ಅಂತ ಸದ್ದು ಬರುವಷ್ಟು ಶುಭ್ರ. ಬಲಗಡೆ ಇದಕ್ಕೆ ಉಲ್ಟಾ. ಕ್ರೀಮ್‌ಗೆ ನೊರೆ ಬರೋದೇ ಅಪರೂಪ, ಸುಮ್ನೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ತೊಳೆದ ಮೇಲೂ ಮುಖದ ಮೇಲೆ ಏನೋ ಉಳಿದಿದೆ ಅನಿಸುತ್ತದೆ. ಆ ದಿನಗಳಲ್ಲಿ ಯಾರಾದರೂ ಕೇಳಿದ್ದರೆ ಜೆಲ್ ತಗೊಳ್ಳಿ ಅಂತಲೇ ಹೇಳುತ್ತಿದ್ದೆ.

ಆದರೆ ನೊರೆಗೂ ಕೊಳೆ ತೆಗೆಯುವುದಕ್ಕೂ ನಾವು ಅಂದುಕೊಂಡಷ್ಟು ನಂಟಿಲ್ಲ. ಕಡಿಮೆ ನೊರೆ ಬರುವ ವಸ್ತುಗಳೂ ಜಿಡ್ಡನ್ನು ಹಿಡಿದು ನೀರಿಗೆ ಬಿಡುತ್ತವೆ. ಮೆಂಥಾಲ್ ಅಂತೂ ಏನನ್ನೂ ತೊಳೆಯುವುದಿಲ್ಲ. ತಂಪನ್ನು ಗುರುತಿಸುವ ನರಗಳನ್ನು ಕೆಣಕುತ್ತದೆ, ಅಷ್ಟೇ. ಆ ಚರ್ರ್ ಅನ್ನುವ ಅನುಭವ ಇದೆಯಲ್ಲ, ಅದು ಕೊಳೆಯ ಜೊತೆಗೆ ಚರ್ಮದ ಸ್ವಂತ ಎಣ್ಣೆಯೂ ಹೋಗಿದ್ದರ ಸೂಚನೆ.

ಎರಡನೇ ವಾರ ಇದು ಕಣ್ಣಿಗೇ ಕಾಣಿಸಿತು. ಎಡಗೆನ್ನೆ ತೊಳೆದ ಕೂಡಲೇ ಬಿಗಿ ಹಿಡಿಯಲು ಶುರು. ಟವೆಲ್‌ನಿಂದ ಒತ್ತಿಕೊಂಡು ಮಾಯಿಶ್ಚರೈಸರ್ ಮುಚ್ಚಳ ತೆಗೆಯುವಷ್ಟರಲ್ಲಿ ನಕ್ಕರೆ ಎಡಗಡೆ ಮಾತ್ರ ಎಳೆದ ಹಾಗೆ ಆಗುತ್ತಿತ್ತು. ಕಿಟಕಿ ಬೆಳಕಿನಲ್ಲಿ ನೋಡಿದರೆ ಬಾಯಿಯ ಅಂಚಿನಲ್ಲಿ ಸಣ್ಣ ಬಿಳಿ ಸಿಪ್ಪೆ. ಬಲಗಡೆ ಇದು ಯಾವುದೂ ಇಲ್ಲ. "ಏನೋ ಉಳಿದಿದೆ" ಅನಿಸಿದ್ದು ಗ್ಲಿಸರಿನ್ ಮತ್ತು ಆ ಮೇಣದ ತೆಳು ಪದರ. ಒಂದು ವಾರದಲ್ಲಿ ಅಭ್ಯಾಸವಾಗಿ ಗಮನಕ್ಕೇ ಬರುವುದು ನಿಂತಿತು.

ಪಿಎಚ್ ಪಟ್ಟಿಯಲ್ಲೂ ಅದ್ದಿ ನೋಡಿದೆ. ಎರಡೂ 5 ಮತ್ತು 6ರ ನಡುವೆಯೇ ಬಂದವು. ಆರೋಗ್ಯವಂತ ಚರ್ಮದ ಮೇಲ್ಮೈ 5ರ ಆಸುಪಾಸಿನಲ್ಲಿ, ಸ್ವಲ್ಪ ಆಮ್ಲೀಯವಾಗಿ ಇರುತ್ತದೆ. ಮಾಮೂಲಿ ಸೋಪು 9ರಿಂದ 10. ಆ ಲೆಕ್ಕದಲ್ಲಿ ಎರಡೂ ಸೋಪಿಗಿಂತ ಎಷ್ಟೋ ಮೇಲು. "ಪಿಎಚ್ ಬ್ಯಾಲೆನ್ಸ್ಡ್" ಅಂತ ದೊಡ್ಡದಾಗಿ ಬರೆದಿದ್ದನ್ನು ನೋಡಿ ಅದೊಂದಕ್ಕೇ ಕೊಳ್ಳಬೇಡಿ ಅಂತ ಇದನ್ನು ಹೇಳಿದೆ. ಒಂದೇ ಪಿಎಚ್ ಇದ್ದರೂ ಒಂದು ಒಣಗಿಸಿತು, ಒಂದು ಒಣಗಿಸಲಿಲ್ಲ. ಚರ್ಮದ ಮಟ್ಟಿಗೆ, ತೊಳೆಯುವ ವಸ್ತು ಯಾವುದು ಅನ್ನುವುದೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

ಹಾಗಂತ ಜೆಲ್ ದಂಡ ಅಂತ ಹೇಳುತ್ತಿಲ್ಲ. ಹಣೆಯ ವಿಷಯದಲ್ಲಿ ಅದೇ ಮೇಲುಗೈ. ತಿಂಗಳ ಕೊನೆಗೆ ಎಡ ಹಣೆಯ ಕೂದಲಂಚಿನಲ್ಲಿದ್ದ ಸಣ್ಣ ಗಂಟುಗಳು, ಬೆರಳಿಗೆ ರವೆಯಂತೆ ಸಿಗುತ್ತಿದ್ದವಲ್ಲ, ಅವು ಸುಮಾರಾಗಿ ಕಡಿಮೆಯಾಗಿದ್ದವು. ಬಲಗಡೆ ಹಾಗೇ ಇದ್ದವು. ಸ್ಯಾಲಿಸಿಲಿಕ್ ಆಸಿಡ್ ಎಣ್ಣೆಯಲ್ಲಿ ಕರಗುತ್ತದೆ. ಜಿಡ್ಡು ತುಂಬಿದ ರಂಧ್ರದ ಒಳಗೂ ಇಳಿದು ಸತ್ತ ಚರ್ಮವನ್ನು ಸಡಿಲ ಮಾಡುತ್ತದೆ. ಆದರೆ ಫೇಸ್‌ವಾಶ್‌ನಲ್ಲಿ ಅದು ಬಾಗಿಲಲ್ಲೇ ನಿಂತು ಮಾತಾಡಿ ಹೋಗುವ ನೆಂಟನ ಹಾಗೆ. ಅರ್ಧ ನಿಮಿಷದಲ್ಲಿ ತೊಳೆದು ಹಾಕುತ್ತೇವೆ. ಹಾಗಾಗಿ ಹಣೆಯ ಮೇಲೆ ನೊರೆಯನ್ನು ಒಂದು ನಿಮಿಷ ಬಿಟ್ಟು ಆಮೇಲೆ ತೊಳೆಯುವುದನ್ನು ರೂಢಿ ಮಾಡಿಕೊಂಡಿದ್ದೆ. ಕೆನ್ನೆ ಮೇಲೆ ಮಾತ್ರ ಬಿಡಲಿಲ್ಲ.

ಅದೇ ತರ್ಕದಲ್ಲಿ ಬಿಳಿ ಬಾಟಲಿಯ ನಯಾಸಿನಮೈಡ್‌ನಿಂದ ಕಲೆ ಹೋಗುತ್ತದೆ ಅಂತ ಕಾಯಬೇಡಿ. ಅದು ಕೆಲಸ ಮಾಡಲು ಚರ್ಮದ ಮೇಲೆ ಗಂಟೆಗಟ್ಟಲೆ ಉಳಿಯಬೇಕು, ಅದಕ್ಕೆ ಸೀರಮ್ ಅಥವಾ ಕ್ರೀಮ್ ಇದೆ. ನನ್ನ ಬಲಗೆನ್ನೆಯ ಹಳೆಯ ಕಲೆ ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಎಡಗಡೆಯ ಕಲೆಯೂ ಅಲ್ಲಾಡಿಲ್ಲ.

ಗದ್ದದ ಮೊಡವೆ ಎರಡೂ ಕಡೆ ಒಂದೇ ಸಮ. ಬರುವ ಸಮಯಕ್ಕೆ ಬಂದವು, ಹೋಗುವ ಸಮಯಕ್ಕೆ ಹೋದವು. ಗದ್ದ, ದವಡೆಯ ಸುತ್ತ ಮತ್ತೆ ಮತ್ತೆ ಏಳುವ ಮೊಡವೆಗೆ ಹಾರ್ಮೋನು ಕಾರಣವಾಗಿರುವುದೂ ಉಂಟು. ಅದನ್ನು ಯಾವ ಫೇಸ್‌ವಾಶೂ ತೊಳೆಯಲಾರದು. ನೋವಿನ ಗಂಟಾಗಿ ಕೂರುವ ಮೊಡವೆ ಇದ್ದರೆ ಟ್ಯೂಬ್ ಬದಲಿಸುತ್ತಾ ಕಾಲ ಕಳೆಯಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ಸನ್‌ಸ್ಕ್ರೀನ್ ತೆಗೆಯುವ ಪರೀಕ್ಷೆಯಲ್ಲಿ ಜೆಲ್‌ಗೆ ಅಂಕ ಜಾಸ್ತಿ. ಮಾಮೂಲಿ ಸನ್‌ಸ್ಕ್ರೀನ್ ಒಂದೇ ಸಲಕ್ಕೆ ಹೋಗುತ್ತಿತ್ತು. ಕ್ರೀಮ್ ಹಾಕಿದ ಕಡೆ ಎರಡು ಸಲ ತೊಳೆಯಬೇಕು, ಇಲ್ಲದಿದ್ದರೆ ನೀರು ಹನಿ ಹನಿಯಾಗಿ ಜಾರುತ್ತದೆ. ಹನಿ ಜಾರಿದರೆ ಸನ್‌ಸ್ಕ್ರೀನ್ ಇನ್ನೂ ಉಳಿದಿರಬಹುದು ಅಂತ ಅರ್ಥ. ಕ್ರೀಮನ್ನು ಮೊದಲು ಒಣ ಮುಖಕ್ಕೆ ಹಚ್ಚಿ, ಚೆನ್ನಾಗಿ ಉಜ್ಜಿ, ಆಮೇಲೆ ನೀರು ಸೇರಿಸಿದರೆ ಒಂದೇ ಸಲಕ್ಕೆ ಆಗುತ್ತದೆ. ಇದನ್ನು ಬಾಟಲಿ ಮೇಲೆ ಬರೆಯಬಹುದಿತ್ತು, ಬರೆದಿಲ್ಲ. ನೀರಿಗೆ ಹೋಗದ ವಾಟರ್‌ಪ್ರೂಫ್ ಮೇಕಪ್ ಇದ್ದರೆ ಎರಡೂ ಸಾಲದು.

ನನ್ನ ತಂಗಿಯದು ಪೂರ್ತಿ ಒಣ ಚರ್ಮ. ಜೆಲ್ ನೋಡಿ ಆಸೆಪಟ್ಟು ನಾಲ್ಕು ದಿನ ಹಾಕಿಕೊಂಡಳು. ಐದನೇ ದಿನ ಬಂದು, "ಅಕ್ಕಾ, ಇದು ನಿನಗೇ ಇರ್ಲಿ. ಮುಖ ಹಪ್ಪಳ ಆಯ್ತು" ಅಂತ ಟ್ಯೂಬ್ ವಾಪಸ್ ಇಟ್ಟಳು. ಬಿಳಿ ಬಾಟಲಿ ಮಾತ್ರ ಇನ್ನೂ ಅವಳ ಕೋಣೆಯಿಂದ ವಾಪಸ್ ಬಂದಿಲ್ಲ.

ಸುಗಂಧದ ಬಗ್ಗೆ ಒಂದು ಮಾತು. ಜೆಲ್‌ನ ವಾಸನೆ ಘಮಘಮ ಅನ್ನುತ್ತದೆ, ಬೆಳಿಗ್ಗೆ ಹಿತ. ಆದರೆ ಅಲರ್ಜಿ ತರುವ ಸಾಮಾನುಗಳ ಪಟ್ಟಿಯಲ್ಲಿ ಸುಗಂಧ ಮುಂಚೂಣಿಯಲ್ಲೇ ಇದೆ. ಎಕ್ಸಿಮಾ ಇರುವವರು, ಹೊಸದು ಏನು ಹಾಕಿದರೂ ಕೆಂಪಾಗುವವರು ಇದರಿಂದ ದೂರ ಇರಿ. ಬೇಕೇ ಬೇಕು ಅಂದರೆ ಮೊದಲು ಕೆಲವು ದಿನ ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಿ. ಆಸ್ಪಿರಿನ್ ಅಲರ್ಜಿ ಇರುವವರಿಗೂ, ಗರ್ಭಿಣಿಯರಿಗೂ ಸ್ಯಾಲಿಸಿಲಿಕ್ ಆಸಿಡ್ ವಿಷಯದಲ್ಲಿ ಡಾಕ್ಟರನ್ನು ಕೇಳುವುದೇ ಒಳ್ಳೆಯದು.

ಬಾಳಿಕೆ ಹೇಗೆ? ಜೆಲ್ ಟ್ಯೂಬ್ ಗೆಲ್ಲುತ್ತದೆ. ಸ್ವಲ್ಪ ಹಾಕಿದರೂ ಸಾಕು, ತಿಂಗಳಾದರೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಆದರೆ ತೂತು ದೊಡ್ಡದು, ಮೆಲ್ಲಗೆ ಒತ್ತಿದರೂ ಬೇಕಾದ್ದಕ್ಕಿಂತ ದುಪ್ಪಟ್ಟು ಬಂದುಬಿಡುತ್ತದೆ. ಕ್ರೀಮ್‌ಗೆ ಪಂಪ್ ಇರುವುದು ಚೆಂದ, ಆದರೆ ತಳದಲ್ಲಿ ಉಳಿದದ್ದು ಪಂಪಿಗೆ ಸಿಗುವುದಿಲ್ಲ. ಬಾಟಲಿಯನ್ನು ತಲೆಕೆಳಗೆ ನಿಲ್ಲಿಸಿ ಮುಚ್ಚಳ ಬಿಚ್ಚಿ ತೆಗೆಯಬೇಕು. ಎರಡು ಸಲ ಪಂಪ್ ಬೇಕಾಗುವುದರಿಂದ ಬೇಗ ಖಾಲಿಯೂ ಆಗುತ್ತದೆ. ಬೆಲೆ ಒಂದೇ ಇದ್ದರೂ ಕೊನೆಗೆ ಕ್ರೀಮೇ ದುಬಾರಿ ಬೀಳುತ್ತದೆ.

ಒಂದೇ ಕೊಳ್ಳುವುದಾದರೆ ನಾನು ಕೊಳ್ಳುವುದು ಬಿಳಿ ಬಾಟಲಿ. ಹಣೆಯ ನಾಲ್ಕು ಗಂಟು ಸಹಿಸಬಹುದು, ದಿನಕ್ಕೆ ಎರಡು ಸಲ ಬಿಗಿಯುವ ಕೆನ್ನೆ ಸಹಿಸೋದು ಕಷ್ಟ. ನಿಮ್ಮದು ಮುಖಪೂರ್ತಿ ಎಣ್ಣೆ ಚರ್ಮ, ಮೂರು ಗಂಟೆಗೆಲ್ಲ ಹಣೆ ಮಿಂಚುತ್ತದೆ, ಬ್ಲ್ಯಾಕ್‌ಹೆಡ್ ಕಾಟ ಇದೆ ಅಂದರೆ ನನ್ನ ಮಾತು ಬಿಟ್ಟು ಜೆಲ್ ತಗೊಳ್ಳಿ. ಅದನ್ನೂ ರಾತ್ರಿ ಮಾತ್ರ ಹಾಕಿ, ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದರೂ ಸಾಕು. ಬಿಸಿ ನೀರು ಬೇಡ, ಅದು ಜೆಲ್‌ನ ಒಣಗಿಸುವ ಗುಣಕ್ಕೆ ಇನ್ನಷ್ಟು ಬಲ ಕೊಡುತ್ತದೆ.

ಉಳಿದ ಅರ್ಧ ಟ್ಯೂಬ್ ಜೆಲ್ ಈಗ ಸ್ನಾನದ ಮನೆಯಲ್ಲಿದೆ. ಬೆನ್ನಿನ ಮೇಲೆ ಬೆವರಿಗೆ ಏಳುವ ಸಣ್ಣ ಮೊಡವೆಗಳಿಗೆ ಹಾಕುತ್ತಿದ್ದೇನೆ. ಬೆನ್ನಿನ ಚರ್ಮ ದಪ್ಪ, ಬಿಗಿ ಹಿಡಿಯುವ ತಕರಾರು ಇಲ್ಲ. ಎರಡು ನಿಮಿಷ ನೊರೆ ಬಿಟ್ಟು ತೊಳೆದರೆ ಚೆನ್ನಾಗಿಯೇ ಕೆಲಸ ಮಾಡುತ್ತಿದೆ.