ರೈಲು ಬಂದ ದಿನ ನಾ ಫೋನ್ ಎತ್ತಲಿಲ್ಲ, ಅಜ್ಜ

ಬೆಂಗಳೂರು
15-6-2025, ರವಿವಾರ

ತೀರ್ಥರೂಪ ಅಜ್ಜಗ ನಿನ್ನ ಮೊಮ್ಮಗ ಬಸು ಮಾಡುವ ಶಿರಸಾಷ್ಟಾಂಗ ನಮಸ್ಕಾರ.

ಪತ್ರ ಹಿಂಗ ಶುರು ಮಾಡಬೇಕಂತ ನಾ ಐದನೇತ್ತ ಇದ್ದಾಗ ನೀನ ಕಲಿಸಿದ್ದಿ. ಇದನ್ನ ಶಿಲ್ಪಾ ನಿನಗ ಓದಿ ಹೇಳ್ತಾಳ. ಶಿಲ್ಪಾ, ಒಂದು ಸಾಲೂ ಬಿಡಬ್ಯಾಡವ್ವ.

ಫೋನಿನ್ಯಾಗ ಹೇಳಬೇಕಂತ ಎಷ್ಟೋ ಸಲ ನಂಬರ್ ಒತ್ತೀನಿ. ನೀ "ಯಾಕಪಾ ಬಸು, ಉಂಡ್ಯಾ?" ಅಂದ ಕೂಡ್ಲೇ ನನ್ನ ಗಂಟಲು ಕಟ್ಟತೈತಿ. ಅದಕ್ಕ ಬರದೀನಿ.

ಅಜ್ಜ, ನಾ ಪರೀಕ್ಷಾ ಪಾಸ್ ಆಗಿಲ್ಲ. ಎರಡು ಸಲ ಬರದೆ, ಎರಡೂ ಸಲ ಹೋತು. "ರಿಸಲ್ಟ್ ಇನ್ನೂ ಬಂದಿಲ್ಲ" ಅಂತ ನಿನಗ ಹೇಳಿದ್ದು ಸುಳ್ಳು. ಧಾರವಾಡದ ರೂಮ್ ಬಿಟ್ಟು ಒಂದೂವರಿ ವರ್ಷ ಆತು. ಇಲ್ಲೆ ಒಂದು ಕಿರಾಣಿ ಗೋಡೌನಿನ್ಯಾಗ ರಾತ್ರಿ ಪಾಳೆ ಮಾಡ್ತೀನಿ, ಹದಿನೆಂಟು ಸಾವಿರ ಕೊಡ್ತಾರ. ನೀ ಅಗಸಿ ಕಟ್ಟಿ ಮ್ಯಾಲೆ ಕುಂತು "ನಮ್ಮ ಬಸು ಸಾಹೇಬ ಆಗ್ತಾನ" ಅಂತ ಎಲ್ಲಾರ ಮುಂದ ಹೇಳ್ತಿದ್ದಿ. ಆ ಕಟ್ಟಿ ಮುಂದ ಹಾದು ಬರೂದಾಗಲಿಲ್ಲ ನನಗ.

ಕಟ್ಟಿಗಿಂತಾ ಹೆಚ್ಚು ಅಂಜಿದ್ದು ಗ್ವಾದಲಿಗೆ. ನನ್ನ ಕೋಚಿಂಗ್‌ಗೆ ಅಂತ ಮಲ್ಲನ್ನ, ಕೆಂಚನ್ನ ಮಾರಿದಿ. ಒಂದು ಲಕ್ಷ ಹತ್ತು ಸಾವಿರ, ಟವೆಲ್‌ನ್ಯಾಗ ಸುತ್ತಿ ನನ್ನ ಕೈಗೆ ಕೊಟ್ಟಿ. "ಎತ್ತು ಮತ್ತ ತರಬಹುದು, ವಯಸ್ಸು ಮತ್ತ ಬರೂದಿಲ್ಲ" ಅಂದಿ. ಆ ಜೋಡೆತ್ತು ನೀ ಕೈಯಾರೆ ಮೇಯಿಸಿ ಬೆಳೆಸಿದ್ವು. ಅವುನ್ನ ಹೂಡಿ, ಚಕ್ಕಡಿ ತುಂಬ ಊರಿನ ರೊಟ್ಟಿ ಹೇರಿಕೊಂಡು ಗವಿಮಠದ ಜಾತ್ರಿಗೆ ಹೊಂಟಿದ್ವಲ್ಲ. ರಾತ್ರಿ ಚಳಿಗೆ ನಿನ್ನ ಕಂಬಳಿಯೊಳಗ ನಾನು, ರೊಟ್ಟಿ ಬುಟ್ಟಿಗೆ ಒರಗಿ ಮಲಗಿದ್ದೆ. ಮರುದಿನ ತೇರು ಎಳಿಯೂ ಹೊತ್ತಿಗೆ ಜನ ಸಮುದ್ರ ಆಗಿತ್ತು. ನೀ ನನ್ನ ಹೆಗಲ ಮ್ಯಾಲೆ ಕೂಡ್ರಿಸಿಕೊಂಡಿ. ತೇರು ನನಗ ಕಂಡಿತು. ನಿನಗ ಕಂಡಿತ್ತೋ ಇಲ್ಲೋ, ಇಷ್ಟು ವರ್ಷ ನಾ ಕೇಳೇ ಇಲ್ಲ.

ಹೋದ ದಸರಾದ ಹಿಂದಿನ ದಸರಾಕ್ಕ ಬಂದಾಗ ಗ್ವಾದಲಿ ತುಂಬ ಕಟಿಗಿ ಒಟ್ಟಿತ್ತು. ಗ್ವಾಡಿ ಗೂಟಕ್ಕ ಗೆಜ್ಜಿಸರ, ಕೋಡಣಸು ಹಂಗ ತೂಗುಬಿದ್ದಿದ್ವು. ನೀ ಏನೂ ಅನ್ನಲಿಲ್ಲ. ನಾ ಬೆಳಕು ಹರಿಯೂ ಮೊದಲ ಬಸ್ ಹತ್ತಿದೆ. ಅವತ್ತಿನಿಂದ ತಪ್ಪಿಸಿಕೊಂಡೀನಿ. ಯುಗಾದಿಗೆ ರಜಾ ಇಲ್ಲಂತ, ಜಾತ್ರಿಗೆ ಜ್ವರ ಅಂತ. ಎಲ್ಲಾ ಸುಳ್ಳು.

ಆದ್ರ ಮೇ 15ರ ಮಾತು ನನ್ನ ಬಿಡವಲ್ದು. ಗದಗ-ವಾಡಿ ಲೈನ್ ಆಗತೈತಿ, ಆಗತೈತಿ ಅಂತ ಕಾದು ನಿನ್ನ ತಲಿ ಬೆಳ್ಳಗಾತು. "ಯಲಬುರ್ಗಾದಾಗ ರೈಲು ಹತ್ತೂದು ನಾನೂ ನನ್ನ ಮೊಮ್ಮಗನೂ" ಅಂತ ನಾ ಸಣ್ಣಾವಿದ್ದಾಗಿಂದ ಅಂತಿದ್ದಿ. ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಬಿಟ್ಟ ಆ ದಿನ ನಿನ್ನ ಫೋನ್ ಮೂರು ಸಲ ಬಂತು. ನಾ ನೋಡಿದೆ. ಕೈಯಾಗ ಹಿಡಕೊಂಡು, ಅದು ತಾನ ನಿಲ್ಲೂ ತನಕ ನೋಡ್ತಾ ಕುಂತೆ. ಪರೀಕ್ಷಾ ಸುದ್ದಿ ಕೇಳ್ತಿ ಅಂತ ಅಂಜಿದೆ.

ಮೊನ್ನೆ ಶಿಲ್ಪಾ ಹೇಳಿದ್ಲು. ನೀ ಧೋತ್ರ ಮಡಿ ಮಾಡಿಸಿ ಉಟ್ಟುಕೊಂಡು ಸ್ಟೇಷನ್ ತನಕ ಹೋಗಿದ್ದೆಂತ. ಹಳಿ ಕಡೆ ನೋಡಿ, "ಬಸು ಬರ್ಲಿ, ಆಮ್ಯಾಲೆ ಹತ್ತತೀನಿ" ಅಂದು ತಿರುಗಿ ಬಂದ್ಯಂತ. ಕಾರಹುಣ್ಣಿಮಿ ದಿನ ಎತ್ತಿಲ್ಲದ ಮನ್ಯಾಗ ಗೆಜ್ಜಿಸರ ಇಳಿಸಿ, ಹುಣಸಿಹಣ್ಣು ಹಚ್ಚಿ ತಿಕ್ಕಿ, ಮತ್ತ ಗೂಟಕ್ಕ ಹಾಕಿದ್ಯಂತ. ಅದನ್ನ ಕೇಳಿ ಗೋಡೌನಿನ ಹಿಂದ ಹೋಗಿ ಅತ್ತೆ, ಅಜ್ಜ. ನೀ ನನಗ ಸಾಹೇಬ ಆಗಂತ ಹೇಳಿದ್ದಿ, ದೂರ ಆಗಂತ ಹೇಳಿರಲಿಲ್ಲ. ದೂರ ಆದಾವ ನಾನ. ನನ್ನ ತಪ್ಪಾತು.

ಬರೂ ಶನಿವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತತೀನಿ. ರವಿವಾರ ಮುಂಜಾನೆ ಕೊಪ್ಪಳದಾಗ ಇಳಿದು, ಅಲ್ಲಿಂದ ಬಸ್ಸಿಗೆ ಬರ್ತೀನಿ. ಈ ಸಲ ಕಟ್ಟಿ ಮುಂದಿಂದನ ಬರ್ತೀನಿ. ಯಾರರ ಕೇಳಿದ್ರ ನಾನ ಹೇಳ್ತೀನಿ, ನೀ ಏನೂ ಹೇಳಬ್ಯಾಡ. ನೀ ಬೈದ್ರ ಬೈಸಿಕೊಳ್ತೀನಿ. ಸುಮ್ಮನ ಕುಂತ್ರ ಮಾತ್ರ ನನಗ ತಡಕೊಳ್ಳೂದಾಗೂದಿಲ್ಲ.

ಐದು ದಿನ ರಜಾ ಕೇಳಿ ತಗೊಂಡೀನಿ. ಮಣ್ಣೆತ್ತಿನ ಅಮಾಸಿ ತನಕ ಇರ್ತೀನಿ. ಹೊಲದಿಂದ ಎರಿಮಣ್ಣು ನಾನ ತರ್ತೀನಿ, ನೀ ಬಗ್ಗಿ ಅಗಿಯಾಕ ಹೋಗಬ್ಯಾಡ. ಕೋಡು ಮಾಡೂದು ಮಾತ್ರ ನಿನ್ನ ಕೆಲಸ, ನಾ ಮಾಡಿದ್ರ ಹಿಂದಕ್ಕ ಬಾಗತಾವು. ನಡುವ ಒಂದು ದಿನ ಆ ಧೋತ್ರ ಉಟ್ಟುಕೊ. ರೈಲು ಎಷ್ಟಕ್ಕ ಬರತೈತಿ ಅಂತ ಶಿಲ್ಪಾ ಕೇಳಿ ಇಟ್ಟಿರ್ಲಿ. ಕಿಟಕಿ ಕಡೆ ನೀ ಕೂಡು.

ನಿನ್ನ ಮೊಮ್ಮಗ,
ಬಸು